ಹಂಪಿಯ ನದಿದಾರಿಯ ನಡಿಗೆಗೆ ಸ್ಕ್ರಿಪ್ಟ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಂಪಿಯಲ್ಲಿ ವಿರೂಪಾಕ್ಷ ಗುಡಿಯಿಂದ ಹೊರಟು, ಬಜಾರಿನುದ್ದಕ್ಕೂ ನಡೆದು, ಎದುರು ಬಸವಣ್ಣನ ಬಳಿಯಿಂದ ತುಂಗಭದ್ರೆಯ ದಂಡೆ ಹಿಡಿದು ವಿಠಲ ದೇವಸ್ಥಾನ ತಲುಪುವ ದಾರಿ ಒಂದಿದೆ. ಗುಂಪುಗಳನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಕಾಲ್ದಾರಿ ನಮ್ಮ ನಾಡಿನಲ್ಲಿ ಕಡಿಮೆ. ಈ ದಾರಿಯಲ್ಲಿ ನಡಿಗೆ ನಡೆಸಲು ಹೊರಟಿರುವ ಹೊಸ ಗೈಡ್‌ಗಳು, ಮಕ್ಕಳನ್ನು ಕರೆತರುವ ಶಿಕ್ಷಕರು, ಪರಂಪರೆ ಕೂಟಗಳ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉತ್ತರಗಳೂ ಸುಮಾರು ಇಪ್ಪತ್ತು ಜನರ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ನಡೆಯುತ್ತಲೇ ವಿವರಿಸುತ್ತಾ ಹೋದರೆ ಸಮಯ ಉಳಿಯುವುದಿಲ್ಲವೇ?

ಉಳಿಯುವುದಿಲ್ಲ. ನದಿದಾರಿಯ ಹಲವು ಕಡೆ ಇಬ್ಬರು ಅಕ್ಕಪಕ್ಕ ನಡೆಯುವುದೂ ಕಷ್ಟ. ನೀವು ಮುಂದೆ ನಡೆಯುತ್ತಾ ಮಾತನಾಡಿದರೆ ನಿಮ್ಮ ಹಿಂದಿನ ನಾಲ್ಕೈದು ಜನರಿಗೆ ಮಾತ್ರ ಕೇಳಿಸುತ್ತದೆ. ಉಳಿದ ಹದಿನೈದು ಜನರಿಗೆ ತಮ್ಮನ್ನು ಬಿಟ್ಟು ಏನೋ ನಡೆಯುತ್ತಿದೆ ಎನಿಸುತ್ತದೆ. ಮುಂದಿನ ನಿಲುಗಡೆಯಲ್ಲಿ ಅವರೆಲ್ಲ ಅದೇ ಪ್ರಶ್ನೆ ಕೇಳುತ್ತಾರೆ, ನೀವು ಅದನ್ನೇ ಮತ್ತೆ ಹೇಳುತ್ತೀರಿ, ಮೊದಲು ಕೇಳಿದವರು ಬೇಸರದಿಂದ ಮೊಬೈಲ್ ತೆಗೆಯುತ್ತಾರೆ.

ನಿಂತು ಹೇಳಿ, ನಡೆಯುವಾಗ ಸುಮ್ಮನಿರಿ. ಆದರೆ ನಡೆಯುವವರ ತಲೆ ಖಾಲಿ ಇರಬಾರದು. ಅದಕ್ಕೆ ಪ್ರತಿ ನಿಲುಗಡೆಯ ಕೊನೆಯ ಮಾತು ಒಂದು ಪ್ರಶ್ನೆಯಾಗಿರಲಿ, ಅದರ ಉತ್ತರ ಮುಂದಿನ ನಿಲುಗಡೆಯಲ್ಲಿ ಕಣ್ಣಿಗೆ ಕಾಣುವಂತಿರಲಿ. ಜನ ಆ ಪ್ರಶ್ನೆಯನ್ನು ಹೊತ್ತುಕೊಂಡು ನಡೆಯುತ್ತಾರೆ, ತಮ್ಮತಮ್ಮಲ್ಲೇ ಚರ್ಚಿಸುತ್ತಾರೆ. ಸ್ಕ್ರಿಪ್ಟಿನ ಅರ್ಧ ಕೆಲಸ ಮಾಡುವುದು ಈ ಕೊನೆಯ ವಾಕ್ಯಗಳೇ. ನಾನು ಇವುಗಳನ್ನು ಹೊರೆಮಾತು ಎಂದು ಕರೆಯುತ್ತೇನೆ. ಸ್ಕ್ರಿಪ್ಟ್ ಬರೆಯಲು ಕುಳಿತಾಗ ಮೊದಲು ಬರೆಯಬೇಕಾದದ್ದೂ ಇವನ್ನೇ.

ಒಟ್ಟು ಸಮಯವನ್ನು ಹೇಗೆ ಹಂಚಬೇಕು?

ಬೆಳಿಗ್ಗೆ ಆರೂವರೆಗೆ ಹೊರಟು ಹತ್ತು ಗಂಟೆಗೆ ವಿಠಲದಲ್ಲಿ ಮುಗಿಸುವ ಲೆಕ್ಕ ಇಟ್ಟುಕೊಳ್ಳೋಣ. ಕೈಯಲ್ಲಿರುವುದು 210 ನಿಮಿಷ. ಬಜಾರು ದಾಟಿ, ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ನದಿದಾರಿ ನಡೆಯಲು ಒಬ್ಬರಿಗೆ ಮುಕ್ಕಾಲು ಗಂಟೆ ಸಾಕು. ಇಪ್ಪತ್ತು ಜನರ ಗುಂಪಿಗೆ ಸಾಲದು. ಬಂಡೆ ಹತ್ತಿ ಇಳಿಯುವ ಕಡೆ ಒಬ್ಬೊಬ್ಬರೇ ದಾಟಬೇಕು, ಒಬ್ಬರು ಚಪ್ಪಲಿ ಸರಿಮಾಡಿಕೊಂಡರೆ ಹಿಂದಿನ ಹತ್ತು ಜನ ನಿಲ್ಲುತ್ತಾರೆ. ಆದ್ದರಿಂದ ನಡಿಗೆಗೆ 80 ನಿಮಿಷ ಇಡಿ. ಮಾತಿಗೆ 50, ಜನ ತಮ್ಮಷ್ಟಕ್ಕೆ ನೋಡಲು, ಫೋಟೊ ತೆಗೆಯಲು, ನೀರು ಕುಡಿಯಲು 50. ಉಳಿದ 30 ನಿಮಿಷವನ್ನು ಯಾವುದಕ್ಕೂ ಕೊಡಬೇಡಿ. ತಡವಾಗಿ ಬಂದವರು, ಗುಡಿಯಲ್ಲಿ ಪೂಜೆಗೆ ನಿಂತವರು, ಎಳನೀರಿನ ಅಂಗಡಿ ಇವೆಲ್ಲ ಅದನ್ನು ತಾವಾಗಿಯೇ ತಿಂದುಹಾಕುತ್ತವೆ.

ನಿಲುಗಡೆಗಳು ಹತ್ತು: ವಿರೂಪಾಕ್ಷ ಗೋಪುರದ ಮುಂದೆ, ಗುಡಿಯ ಒಳಗೆ, ಬಜಾರಿನ ನಡುವೆ, ಎದುರು ಬಸವಣ್ಣ, ಕೋದಂಡರಾಮ, ಅಚ್ಯುತಪೇಟೆಯ ತುದಿ, ಸುಗ್ರೀವನ ಗುಹೆ, ಪುರಂದರದಾಸರ ಮಂಟಪ, ತುಲಾಭಾರದ ಕಂಬಗಳು, ವಿಠಲ. ಲೆಕ್ಕ ಹಾಕಿದರೆ ಒಂದೊಂದಕ್ಕೆ ಐದು ನಿಮಿಷ ಬರುತ್ತದೆ, ಆದರೆ ಸಮನಾಗಿ ಹಂಚಬೇಡಿ. ಬಜಾರಿನ ನಡುವೆ ಎರಡು ನಿಮಿಷ ಸಾಕು, ವಿಠಲಕ್ಕೆ ಹನ್ನೆರಡು ಬೇಕು.

ಬಯಲಿನಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ಬಿಡಿಸಿ ಮಾತನಾಡಿದರೆ ನಿಮಿಷಕ್ಕೆ ಎಂಬತ್ತು ತೊಂಬತ್ತು ಪದಗಳು ಹೋಗುತ್ತವೆ. ಗಡಿಯಾರ ಇಟ್ಟು ನಿಮ್ಮ ವೇಗವನ್ನು ನೀವೇ ಅಳೆದುಕೊಳ್ಳಿ. ಐದು ನಿಮಿಷದ ನಿಲುಗಡೆಗೆ ನಾನೂರು ಪದ ಬರೆದರೆ ಪ್ರಶ್ನೆಗಳಿಗೆ ಜಾಗವೇ ಇರುವುದಿಲ್ಲ. ಇನ್ನೂರೈವತ್ತಕ್ಕೆ ನಿಲ್ಲಿಸಿ.

ಒಂದು ನಿಲುಗಡೆಯ ಬರಹ ನೋಡಲು ಹೇಗಿರುತ್ತದೆ?

ಅದರಲ್ಲಿ ಐದು ಸಂಗತಿ ಇರಬೇಕು: ನಾನು ಎಲ್ಲಿ ನಿಲ್ಲುತ್ತೇನೆ, ಅವರು ಯಾವ ಕಡೆ ಮುಖ ಮಾಡುತ್ತಾರೆ, ಮೊದಲ ವಾಕ್ಯ, ಕಣ್ಣಿಗೆ ತೋರಿಸುವ ವಸ್ತು, ಹೊರೆಮಾತು. ಎದುರು ಬಸವಣ್ಣನ ನಿಲುಗಡೆಯನ್ನೇ ಬರೆದು ತೋರಿಸುತ್ತೇನೆ.

ನಿಲ್ಲುವ ಜಾಗ: ಬಸವಣ್ಣನ ಮಂಟಪದ ಮುಂದೆ. ಗುಂಪಿನ ಮುಖ ಪಶ್ಚಿಮಕ್ಕೆ, ಬಜಾರಿನ ಕಡೆಗೆ.

"ಎಲ್ಲರೂ ಒಮ್ಮೆ ಹಿಂದಿರುಗಿ ನೋಡಿ. ನಾವು ಹೊರಟ ಗೋಪುರ ಅಲ್ಲಿದೆ. ಈ ಬಸವಣ್ಣ ಕುಳಿತಲ್ಲಿಂದ ಕದಲದೆ ನೋಡುತ್ತಿರುವುದು ಅದನ್ನೇ. ಒಂದೇ ಬಂಡೆಯಲ್ಲಿ ಕಡೆದ ವಿಗ್ರಹ ಇದು, ಮುಖ ಮುಕ್ಕಾಗಿದೆ, ಆದರೂ ದೃಷ್ಟಿ ಎತ್ತ ಎಂಬುದು ತಿಳಿಯುತ್ತದೆ. ಈಗ ಬೀದಿಯ ಎರಡೂ ಬದಿಯ ಕಲ್ಲುಕಂಬದ ಸಾಲುಗಳನ್ನು ನೋಡಿ. ಕೆಲವು ಎರಡಂತಸ್ತಿನವು. ತೇರು ಹೋಗುವ ಬೀದಿ ಇದು, ವ್ಯಾಪಾರದ ಬೀದಿಯೂ ಹೌದು. ತೀರಾ ಇತ್ತೀಚಿನವರೆಗೂ ಈ ಮಂಟಪಗಳಲ್ಲಿ ಮನೆಗಳಿದ್ದವು, ಅಂಗಡಿಗಳಿದ್ದವು, 2011ರಲ್ಲಿ ಅವನ್ನು ತೆರವು ಮಾಡಿದರು. ನೀವು ನೋಡುತ್ತಿರುವ ಖಾಲಿತನಕ್ಕೆ ಐನೂರು ವರ್ಷ ಆಗಿಲ್ಲ."

ಇಲ್ಲಿ ಒಂದು ಕ್ಷಣ ನಿಲ್ಲಿಸಿ. ಬೀದಿ ಖಾಲಿಯಾದದ್ದು ಮೊನ್ನೆ ಮೊನ್ನೆ ಎಂಬುದು ಜನರಿಗೆ ತಟ್ಟಲು ಅಷ್ಟು ಹೊತ್ತು ಬೇಕು. ಆಮೇಲೆ ಹೊರೆಮಾತು:

"ಪಕ್ಕದಲ್ಲಿ ಎದ್ದು ನಿಂತಿರುವ ಈ ಬೆಟ್ಟ ಮತಂಗ. ರಾಮಾಯಣದ ಒಬ್ಬ ಮಹಾಬಲಶಾಲಿ ಈ ಬೆಟ್ಟಕ್ಕೆ ಕಾಲಿಡುವಂತಿರಲಿಲ್ಲ. ಯಾರವನು, ಏಕೆ ಎಂದು ಯೋಚಿಸುತ್ತಾ ಬನ್ನಿ. ನದಿಯ ಹತ್ತಿರ ಹೇಳುತ್ತೇನೆ."

ಇದು ಇಷ್ಟೇ. ಬಸವಣ್ಣನ ಎತ್ತರ, ಉದ್ದ, ಬೀದಿಯ ಅಗಲ ಯಾವುದೂ ಇಲ್ಲ. ಕೇಳಿದವರಿಗೆ ಹೇಳಲು ಅವು ನಿಮ್ಮ ಚೀಟಿಯ ಹಿಂಬದಿಯಲ್ಲಿರಲಿ.

ಗುಂಪನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಅಷ್ಟು ಮುಖ್ಯವೇ?

ಮಾತಿಗಿಂತ ಮುಖ್ಯ. ವಿರೂಪಾಕ್ಷನ ಬಜಾರು ನೇರ ಪೂರ್ವಕ್ಕೆ ಚಾಚಿದೆ. ಬೆಳಗಿನ ನಡಿಗೆಯಲ್ಲಿ ಇಡೀ ಬೀದಿಯುದ್ದಕ್ಕೂ ಸೂರ್ಯ ಮುಖಕ್ಕೆ ಹೊಡೆಯುತ್ತಾನೆ. ಆ ಸ್ಥಿತಿಯಲ್ಲಿ ಜನರನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದರೆ ಅವರು ಹಣೆಗೆ ಕೈ ಅಡ್ಡ ಹಿಡಿದುಕೊಂಡು ನೆಲ ನೋಡುತ್ತಾರೆ. ಗುಂಪಿನ ಬೆನ್ನಿಗೆ ಬಿಸಿಲಿರಲಿ, ನಿಮ್ಮ ಮುಖಕ್ಕೆ ಇರಲಿ. ಹಾಗೆ ನಿಲ್ಲಿಸಿದರೆ ಅವರ ಎದುರಿಗೆ ಬೆಳಗಿನ ಬೆಳಕು ಬಿದ್ದ ಗೋಪುರ ತಾನಾಗಿಯೇ ಬರುತ್ತದೆ. ಎದುರು ಬಸವಣ್ಣನಲ್ಲಿ ಪಶ್ಚಿಮಕ್ಕೆ ಮುಖ ಎಂದು ಬರೆದದ್ದು ಇದಕ್ಕಾಗಿಯೇ.

ಎಂಟೂವರೆಯ ಮೇಲೆ ಲೆಕ್ಕ ಬದಲಾಗುತ್ತದೆ. ಬಂಡೆ ಕಾಯತೊಡಗುತ್ತದೆ. ಆಗ ನೆರಳಿದ್ದಲ್ಲಿ ಮಾತು, ನೆರಳಿಲ್ಲದಲ್ಲಿ ಒಂದೇ ವಾಕ್ಯ. ಸ್ಕ್ರಿಪ್ಟ್ ಬರೆಯುವ ಮುನ್ನ ನಡಿಗೆಯ ಹೊತ್ತಿನಲ್ಲೇ ಒಮ್ಮೆ ಹೋಗಿ, ಯಾವ ನಿಲುಗಡೆಯಲ್ಲಿ ಎಷ್ಟು ಜನರಿಗೆ ನೆರಳು ಸಿಗುತ್ತದೆ ಎಂದು ಬರೆದುಕೊಂಡು ಬನ್ನಿ. ಮಾರ್ಚಿನಲ್ಲಿ ಬರೆದುಕೊಂಡದ್ದು ಡಿಸೆಂಬರಿಗೆ ಹೊಂದುವುದಿಲ್ಲ, ನೆರಳು ಜಾಗ ಬದಲಿಸಿರುತ್ತದೆ.

ಸಾಲಿನ ಕೊನೆಯವರು ಬರುವ ತನಕ ಮುಂದಿನವರನ್ನು ಹೇಗೆ ಹಿಡಿದಿಡುವುದು?

ಮೊದಲಿಗರು ತಲುಪಿದ ಎರಡು ಮೂರು ನಿಮಿಷದ ನಂತರ ಕೊನೆಯವರು ಬರುತ್ತಾರೆ. ಅಲ್ಲಿಯವರೆಗೆ ಮುಖ್ಯ ಮಾತು ಶುರು ಮಾಡಬಾರದು. ಹಾಗೆಂದು ಮೊದಲು ಬಂದವರನ್ನು ಸುಮ್ಮನೆ ನಿಲ್ಲಿಸಿದರೆ ಅವರು ಚದುರುತ್ತಾರೆ, ಆಮೇಲೆ ಅವರನ್ನು ಕೂಡಿಸಲು ಮತ್ತೆ ಮೂರು ನಿಮಿಷ ಬೇಕು. ಅವರಿಗೆ ಹುಡುಕಲು ಏನಾದರೂ ಕೊಡಿ.

ಈ ದಾರಿಯಲ್ಲಿ ಹುಡುಕಲು ಕೊಡುವುದಕ್ಕೆ ಬರವಿಲ್ಲ. ಬಂಡೆಗಳ ಮೇಲೆ ಉಳಿಯಿಂದ ಕೊರೆದ ಚೌಕನೆಯ ಕುಳಿಗಳ ಸಾಲುಗಳಿವೆ. ಬಂಡೆ ಸೀಳಲು ಬೆಣೆ ಹೊಡೆದ ಜಾಗಗಳು ಅವು. "ಇಲ್ಲೆಲ್ಲೋ ಹತ್ತಿರದಲ್ಲಿ ಒಂದು ಕುಳಿಸಾಲಿದೆ, ಹುಡುಕಿ" ಎಂದರೆ ಸಾಕು. ಸಿಕ್ಕ ಮೇಲೆ ಎರಡನೆಯ ಕೆಲಸ ಕೊಡಿ: ಕೆಲವು ಬಂಡೆಗಳ ಅಂಚಿನಲ್ಲಿ ಕುಳಿಗಳು ಅರ್ಧರ್ಧ ಮಾತ್ರ ಇರುತ್ತವೆ, ಹಲ್ಲಿನ ಸಾಲಿನ ಹಾಗೆ. ಉಳಿದ ಅರ್ಧ ಎಲ್ಲಿ ಹೋಯಿತು? ಸೀಳಿದ ಇನ್ನೊಂದು ಹೋಳಿನ ಜೊತೆ ಯಾವುದೋ ಕಂಬವೋ ತೊಲೆಯೋ ಆಗಿ ಹೋಯಿತು. ಇನ್ನು ಕೆಲವು ಬಂಡೆಗಳಲ್ಲಿ ಕುಳಿಗಳು ಪೂರ್ತಿ ಇವೆ, ಬಂಡೆ ಒಡೆದೇ ಇಲ್ಲ. ಕೆಲಸ ಅರ್ಧಕ್ಕೆ ನಿಂತ ಜಾಗ ಅದು. ಮಕ್ಕಳಷ್ಟೇ ಅಲ್ಲ, ಅರವತ್ತು ದಾಟಿದವರೂ ಆ ಕುಳಿಯೊಳಗೆ ಬೆರಳಿಟ್ಟು ನೋಡುತ್ತಾರೆ. ಇಷ್ಟು ಕಲ್ಲು ಎಲ್ಲಿಂದ ತಂದರು ಎಂಬ ಪ್ರಶ್ನೆಗೆ ನೀವು ಬಾಯಿಬಿಡದೆಯೇ ಉತ್ತರ ಸಿಕ್ಕಿರುತ್ತದೆ: ಎಲ್ಲಿಂದಲೂ ತರಲಿಲ್ಲ, ಇಲ್ಲಿಯೇ ಕಾಲಬುಡದಲ್ಲಿತ್ತು.

ದೊಡ್ಡ ಕಥೆಯೊಂದನ್ನು ಹೇಳಬೇಕೆಂದರೆ ಒಂದೇ ಕಡೆ ಹೇಳಬೇಕೇ, ಹಂಚಬೇಕೇ?

ಹಂಚಬೇಕು. ಈ ದಾರಿಯ ದೊಡ್ಡ ಕಥೆ ವಾಲಿ ಸುಗ್ರೀವರದ್ದು, ಏಕೆಂದರೆ ಸ್ಥಳಪುರಾಣದ ಪ್ರಕಾರ ಇದೇ ಕಿಷ್ಕಿಂಧೆ. ಪೂರ್ತಿ ಕಥೆಗೆ ಏಳೆಂಟು ನಿಮಿಷ ಬೇಕು, ಅಷ್ಟು ಹೊತ್ತು ಯಾವ ಗುಂಪೂ ಒಂದೇ ಕಡೆ ನಿಂತು ಕೇಳುವುದಿಲ್ಲ. ಮೂರು ತುಂಡು ಮಾಡಿದರೆ ಅದೇ ಕಥೆ ಎರಡು ಕಿಲೋಮೀಟರ್ ದಾರಿಯನ್ನು ಎಳೆದುಕೊಂಡು ಹೋಗುತ್ತದೆ.

ಆದರೆ ಇಲ್ಲಿ ಒಂದು ತೊಡಕಿದೆ. ದಾರಿಯಲ್ಲಿ ಮೊದಲು ಸಿಗುವುದು ಕೋದಂಡರಾಮ ಗುಡಿ, ಸುಗ್ರೀವನಿಗೆ ಪಟ್ಟ ಕಟ್ಟಿದ್ದು ಇಲ್ಲಿ ಎಂಬ ನಂಬಿಕೆ ಇದೆ. ಸುಗ್ರೀವ ಸೀತೆಯ ಒಡವೆಗಳನ್ನು ಬಚ್ಚಿಟ್ಟನೆನ್ನುವ ಗುಹೆ ಅದರ ನಂತರ ಬರುತ್ತದೆ. ಕಥೆಯಲ್ಲಿ ಒಡವೆ ಮೊದಲು, ಪಟ್ಟ ಆಮೇಲೆ. ದಾರಿಯಲ್ಲಿ ಅದು ತಿರುಗುಮುರುಗು. ಹಲವು ಗೈಡ್‌ಗಳು ಕೋದಂಡರಾಮದಲ್ಲೇ ಇಡೀ ಕಥೆ ಹೇಳಿ ಮುಗಿಸುತ್ತಾರೆ, ಗುಹೆಯ ಹತ್ತಿರ ಬಂದಾಗ "ಅಲ್ಲಿ ಹೇಳಿದೆನಲ್ಲ, ಅದೇ ಗುಹೆ" ಎಂದು ಬೆರಳು ತೋರಿಸಿ ಮುಂದೆ ಹೋಗುತ್ತಾರೆ. ಆ ದಾರಿಯ ಅತ್ಯಂತ ಮನಮುಟ್ಟುವ ಜಾಗ ಹೀಗೆ ವ್ಯರ್ಥವಾಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಾನು ಮಾಡುವ ಜೋಡಣೆ ಹೀಗಿದೆ. ಮತಂಗ ಬೆಟ್ಟದ ಪ್ರಶ್ನೆಯನ್ನು ಎದುರು ಬಸವಣ್ಣನಲ್ಲಿ ಹೊರೆಮಾತಾಗಿ ಕೊಟ್ಟಾಗಿದೆ. ಕೋದಂಡರಾಮದ ಎದುರು, ಚಕ್ರತೀರ್ಥದ ದಂಡೆಯಲ್ಲಿ ಅದಕ್ಕೆ ಉತ್ತರ: ವಾಲಿ ದುಂದುಭಿಯೆಂಬ ಕೋಣರೂಪದ ಅಸುರನನ್ನು ಕೊಂದು ಹೆಣವನ್ನು ಬೀಸಿ ಎಸೆದ, ಅದರ ರಕ್ತ ಮತಂಗ ಮುನಿಯ ಆಶ್ರಮದ ಮೇಲೆ ಸಿಡಿಯಿತು, ಈ ಕಡೆ ಕಾಲಿಟ್ಟರೆ ಸಾಯುತ್ತೀಯೆ ಎಂದು ಮುನಿ ಶಪಿಸಿದ. ಅಣ್ಣನಿಗೆ ಹೆದರಿ ಓಡುತ್ತಿದ್ದ ಸುಗ್ರೀವನಿಗೆ ಭೂಮಿಯ ಮೇಲೆ ಉಳಿದ ಒಂದೇ ಒಂದು ಸುರಕ್ಷಿತ ಜಾಗ ಇದು. ಅಲ್ಲಿಂದ ನೇರವಾಗಿ ಪಟ್ಟಕ್ಕೆ ಜಿಗಿಯಿರಿ: "ಅವನೇ ಮುಂದೆ ಇಲ್ಲಿ ರಾಜನಾದ ಎಂದು ಜನ ನಂಬುತ್ತಾರೆ. ಅಡಗಿದವನು ರಾಜನಾದದ್ದು ಹೇಗೆ? ಅದಕ್ಕೆ ಕಾರಣವಾದ ಒಂದು ಸಣ್ಣ ಗಂಟು ಮುಂದಿನ ಗುಹೆಯಲ್ಲಿತ್ತು." ಪಟ್ಟವಾಯಿತೆಂದು ಗೊತ್ತಾದ ಮೇಲೂ ಆ ಗಂಟಿನಲ್ಲಿ ಏನಿತ್ತೆಂಬ ಕುತೂಹಲ ಉಳಿಯುತ್ತದೆ. ದಾರಿಯ ಕ್ರಮವನ್ನು ಬದಲಿಸಲಾಗದು, ಕಥೆಯ ಕ್ರಮವನ್ನು ಬದಲಿಸಬಹುದು.

ಗುಹೆಯ ಮುಂದೆ ಎರಡು ನಿಮಿಷ. ಆಕಾಶದಲ್ಲಿ ಹೋಗುತ್ತಿದ್ದ ಸೀತೆ ಒಡವೆಗಳನ್ನು ಬಟ್ಟೆಯಲ್ಲಿ ಕಟ್ಟಿ ಕೆಳಗೆ ಹಾಕಿದಳು, ಸುಗ್ರೀವ ಅದನ್ನು ಎತ್ತಿಟ್ಟಿದ್ದ. ರಾಮ ಬಂದಾಗ ತಂದು ತೋರಿಸಿದ. ಕಣ್ಣೀರು ತುಂಬಿದ ರಾಮ ಲಕ್ಷ್ಮಣನಿಗೆ, ನೋಡಿ ಹೇಳು ಎಂದ. ತೋಳಿನ ಒಡವೆ ನನಗೆ ಗೊತ್ತಿಲ್ಲ, ಕಿವಿಯದೂ ಗೊತ್ತಿಲ್ಲ, ಕಾಲಿನದು ಮಾತ್ರ ಗೊತ್ತು, ದಿನವೂ ಆ ಪಾದಕ್ಕೆ ನಮಸ್ಕರಿಸುತ್ತಿದ್ದೆನಲ್ಲ ಎಂದ ಲಕ್ಷ್ಮಣ. ಇದನ್ನು ಹೇಳಿದ ಮೇಲೆ ಏನನ್ನೂ ಸೇರಿಸಬೇಡಿ. ಹತ್ತಿರದ ಬಂಡೆಯ ಮೇಲಿನ ಬಿಳಿ ಗೆರೆಗಳನ್ನು ಸೀತೆಯ ಸೆರಗಿನ ಗುರುತೆಂದು ತೋರಿಸುವುದುಂಟು. ಅದನ್ನು ತೋರಿಸುವುದಿದ್ದರೆ ಲಕ್ಷ್ಮಣನ ಮಾತಿಗಿಂತ ಮೊದಲೇ ತೋರಿಸಿಬಿಡಿ.

ನಂಬಿಕೆಯ ಕಥೆಯೂ ಇತಿಹಾಸವೂ ಕಲಸಿಹೋಗದಂತೆ ಹೇಗೆ ನೋಡಿಕೊಳ್ಳುವುದು?

ಸ್ಕ್ರಿಪ್ಟಿನಲ್ಲಿ ಮೂರು ಬಗೆಯ ಆರಂಭಗಳನ್ನು ನಿಗದಿ ಮಾಡಿಕೊಳ್ಳಿ, ಮೊದಲ ನಿಲುಗಡೆಯಲ್ಲೇ ಗುಂಪಿಗೂ ತಿಳಿಸಿ. "ಶಾಸನದಲ್ಲಿದೆ" ಎಂದರೆ ಕಲ್ಲಿನ ಮೇಲೆ ಬರೆದದ್ದು. "ಬಂದವರು ಬರೆದಿದ್ದಾರೆ" ಎಂದರೆ ಪರದೇಶದವರ ಕಣ್ಣಿನ ಸಾಕ್ಷಿ. "ಇಲ್ಲಿನವರು ಹೇಳುತ್ತಾರೆ" ಎಂದರೆ ಸ್ಥಳಪುರಾಣ. ಎರಡು ನಿಲುಗಡೆ ಕಳೆಯುವಷ್ಟರಲ್ಲಿ ಜನರಿಗೆ ಇದು ರೂಢಿಯಾಗುತ್ತದೆ. ಆಮೇಲೆ ಇದು ನಿಜವೋ ಕಥೆಯೋ ಎಂಬ ಪ್ರಶ್ನೆಗೆ ಪ್ರತಿ ಸಲ ನಿಲ್ಲಬೇಕಾಗಿಲ್ಲ.

ಬಂಡೆಗಳ ರಾಶಿಯ ಬಗ್ಗೆಯೂ ಹೀಗೆಯೇ. ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಬಂಡೆಗಳಿವು ಎನ್ನುತ್ತಾರೆ. ಭೂವಿಜ್ಞಾನದ ಪ್ರಕಾರ ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್, ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಸವೆದು, ಇದ್ದಲ್ಲೇ ಗುಂಡಗಾದದ್ದು. ಎರಡನ್ನೂ ಹೇಳಿ, ಒಂದರಿಂದ ಇನ್ನೊಂದನ್ನು ಹೊಡೆಯಬೇಡಿ.

ಹೆಚ್ಚು ಎಚ್ಚರ ಬೇಕಾದದ್ದು ನಂಬಿಕೆಗಳಲ್ಲಲ್ಲ, ಇತಿಹಾಸದ ವೇಷದಲ್ಲಿ ಬರುವ ಮಾತುಗಳಲ್ಲಿ. "ಈ ಬಜಾರಿನಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು" ಎಂಬುದನ್ನು ಎಲ್ಲರೂ ಶಾಲೆಯಲ್ಲಿ ಕೇಳಿದ್ದಾರೆ. 1443ರಲ್ಲಿ ಬಂದ ಅಬ್ದುಲ್ ರಜಾಕ್ ವಿಜಯನಗರದಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಯಲಿನಲ್ಲೇ ಮಾರುತ್ತಿದ್ದುದನ್ನು ಬರೆದಿದ್ದಾನೆ, ಅಷ್ಟು ಸಾಕು. ಅವನು ಹೇಳುವುದು ಅರಮನೆಯ ಬಳಿಯ ಪೇಟೆಗಳ ಮಾತು, ವಿರೂಪಾಕ್ಷನ ಬೀದಿಗೆ ಅದನ್ನು ಅಂಟಿಸಬಾರದು. ವಿಠಲದ ಸ್ವರಕಂಬಗಳನ್ನು ಬ್ರಿಟಿಷರು ಕೊಯ್ದು ನೋಡಿದರೆಂಬ ಕಥೆಗೂ ನಿಮ್ಮ ಕೈಯಲ್ಲಿ ಆಧಾರ ಇಲ್ಲದಿದ್ದರೆ ಸ್ಕ್ರಿಪ್ಟಿನಿಂದ ತೆಗೆಯಿರಿ.

ಎಷ್ಟು ಇಸವಿಗಳನ್ನು ಹೇಳಬಹುದು?

ನಿಲುಗಡೆಗೆ ಒಂದು, ಅದೂ ಇನ್ನೊಂದಕ್ಕೆ ಕೊಂಡಿಯಾಗುವಂತಿದ್ದರೆ. ವಿರೂಪಾಕ್ಷನ ರಂಗಮಂಟಪದಲ್ಲಿ 1510: ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದ್ದೆಂದು ಶಾಸನದಲ್ಲಿದೆ. ಅಚ್ಯುತಪೇಟೆಯ ತುದಿಯಲ್ಲಿ ನಿಂತಾಗ 1534, ಬೀದಿಯ ಆ ತುದಿಗಿರುವ, ಅಚ್ಯುತರಾಯನ ಗುಡಿ ಎಂದೇ ಕರೆಯುವ ತಿರುವೆಂಗಳನಾಥನ ಗುಡಿ ಆದ ವರ್ಷ. ಆ ಖಾಲಿ ಬೀದಿಯನ್ನು ನೋಡುತ್ತಲೇ 1565 ಹೇಳಿ. ನಡುವೆ ಮೂವತ್ತೊಂದೇ ವರ್ಷ. ಗುಡಿಯ ಪ್ರತಿಷ್ಠೆಯನ್ನು ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ ಮಗುವೊಂದಿದ್ದರೆ, ಊರು ಹಾಳಾದಾಗ ಅದಕ್ಕೆ ನಲವತ್ತು ವರ್ಷವೂ ಆಗಿರಲಾರದು. ಎರಡು ಇಸವಿಗಳ ನಡುವಿನ ದೂರ ನೆನಪಿನಲ್ಲಿ ಉಳಿಯುತ್ತದೆ, ಇಸವಿಗಳು ಮರೆತುಹೋದರೂ ಚಿಂತೆಯಿಲ್ಲ.

1565ರ ಮಾತು ಬಂದರೆ ಗುಂಪಿನಲ್ಲಿ ವಾದ ಶುರುವಾಗುತ್ತದೆ. ಏನು ಮಾಡಲಿ?

ಹೇಳಬೇಕಾದದ್ದನ್ನು ನೇರವಾಗಿ ಹೇಳಿ: ಯುದ್ಧ ಇಲ್ಲಿ ನಡೆಯಲಿಲ್ಲ, ದೂರದ ಕೃಷ್ಣಾ ತೀರದಲ್ಲಿ, ರಕ್ಕಸಗಿ ತಂಗಡಗಿಯ ಬಳಿ, ಜನವರಿ ತಿಂಗಳಲ್ಲಿ ನಡೆಯಿತು. ಅಳಿಯ ರಾಮರಾಯ ಸೆರೆಸಿಕ್ಕು ಹತನಾದ. ಅವನ ತಮ್ಮ ತಿರುಮಲ ಇಲ್ಲಿಗೆ ಬಂದು, ಬೊಕ್ಕಸದೊಂದಿಗೆ ಅರಸ ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಯ ಕಡೆ ಹೋದ. ಕಾಯುವವರಿಲ್ಲದ ನಗರ ಲೂಟಿಯಾಯಿತು. ಅದಕ್ಕೂ ಮುಂದಿನ ಚರ್ಚೆಗೆ ಪುರಂದರದಾಸರ ಮಂಟಪದ ವಿಶ್ರಾಂತಿಯ ಹೊತ್ತನ್ನು ತೋರಿಸಿ, ಅಲ್ಲಿ ಆಸಕ್ತರ ಜೊತೆ ಕುಳಿತು ಮಾತನಾಡಿ. ನಡುಬೀದಿಯಲ್ಲಿ ಇಬ್ಬರ ವಾದಕ್ಕೆ ಹದಿನೆಂಟು ಜನರನ್ನು ಬಿಸಿಲಿನಲ್ಲಿ ನಿಲ್ಲಿಸಬಾರದು.

ವಿರೂಪಾಕ್ಷನ ಗುಡಿಯ ತಲೆಕೆಳಗಾದ ಗೋಪುರದ ನೆರಳನ್ನು ಇಪ್ಪತ್ತು ಜನರಿಗೆ ಹೇಗೆ ತೋರಿಸುವುದು?

ಒಟ್ಟಿಗೆ ತೋರಿಸಲು ಆಗುವುದಿಲ್ಲ, ಜಾಗ ಚಿಕ್ಕದು. ಹೊರಗೇ ಎಲ್ಲವನ್ನೂ ಹೇಳಿ ಮುಗಿಸಿ: ಕತ್ತಲ ಕೋಣೆ, ಗೋಡೆಯಲ್ಲಿ ಸಣ್ಣ ಕಂಡಿ, ಬೆಳಕು ನೇರ ಗೆರೆಯಲ್ಲಿ ಚಲಿಸುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಆಮೇಲೆ ಐದೈದು ಜನರನ್ನು ಒಳಗೆ ಬಿಡಿ. ಒಳಗೆ ಮಾತು ಬೇಡ. ಹೊರಗೆ ಕಾಯುವವರಿಗೆ ರಂಗಮಂಟಪದ ಚಾವಣಿಯ ಚಿತ್ರಗಳಿವೆ. ಅಲ್ಲಿ ಮತ್ಸ್ಯಯಂತ್ರಕ್ಕೆ ಬಾಣ ಹೂಡಿದ ಅರ್ಜುನನನ್ನು ಹುಡುಕಲು ಹೇಳಿ. ಇದು ಪೂಜೆ ನಡೆಯುವ ಗುಡಿ, ಕೈ ಮೈಕ್ ಹಿಡಿದು ಒಳಗೆ ಮಾತನಾಡಬಾರದು.

ಪುರಂದರದಾಸರ ಮಂಟಪದಲ್ಲಿ ಏನು ಹೇಳಬೇಕು?

ತೀರಾ ಕಡಿಮೆ. ದಾಸರು ಇಲ್ಲಿ ಕುಳಿತು ಹಾಡುತ್ತಿದ್ದರು ಎಂದು ಇಲ್ಲಿನವರು ಹೇಳುತ್ತಾರೆ, ಪುಷ್ಯ ಅಮಾವಾಸ್ಯೆಗೆ ಆರಾಧನೆಯೂ ಇಲ್ಲೇ ನಡೆಯುತ್ತದೆ. ಅವರು ತೀರಿಕೊಂಡದ್ದು 1564ರಲ್ಲಿ, ನಗರ ಬೀಳುವ ಹಿಂದಿನ ವರ್ಷ. ಅವರ ಅಂಕಿತ ಪುರಂದರ ವಿಠಲ, ನಾವು ಹೋಗುತ್ತಿರುವುದು ವಿಠಲನ ಗುಡಿಗೆ. ಆಮೇಲೆ "ಯಾರಾದರೂ ಒಂದು ಪದ ಹೇಳುತ್ತೀರಾ?" ಎಂದು ಕೇಳಿ ಸುಮ್ಮನಾಗಿ. ಕನ್ನಡಿಗರ ಗುಂಪಿನಲ್ಲಿ ಹಾಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಸ್ಕ್ರಿಪ್ಟಿನಲ್ಲಿ ಈ ಜಾಗಕ್ಕೆ ಐದು ನಿಮಿಷ ಖಾಲಿ ಬಿಟ್ಟಿರಿ. ನೀವು ಮಾತನಾಡದ ಈ ಐದು ನಿಮಿಷ ಗುಂಪಿನ ಕಿವಿಗೂ ನಿಮ್ಮ ಗಂಟಲಿಗೂ ವಿಠಲದ ದೊಡ್ಡ ನಿಲುಗಡೆಗೆ ಮುನ್ನ ಬೇಕೇ ಬೇಕು.

ವಿಠಲ ತಲುಪಿದ ಕೂಡಲೇ ಎಲ್ಲರೂ ಕಲ್ಲಿನ ರಥದ ಕಡೆ ಓಡುತ್ತಾರೆ. ಅವರನ್ನು ತಡೆಯುವುದು ಹೇಗೆ?

ತಡೆಯಬೇಡಿ. ಐವತ್ತು ರೂಪಾಯಿ ನೋಟಿನ ಮೇಲೆ ನೋಡಿದ ವಸ್ತು ಎದುರಿಗಿರುವಾಗ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಬಾಗಿಲಲ್ಲೇ ಹತ್ತು ನಿಮಿಷ ಬಿಡುವು ಘೋಷಿಸಿ, ಸೇರುವ ನೆರಳಿನ ಜಾಗ ತೋರಿಸಿ, ಜೊತೆಗೆ ಒಂದು ಹೊರೆಮಾತು ಕೊಡಿ: "ಈ ರಥವನ್ನು ಮೊದಲು ಎಳೆಯುತ್ತಿದ್ದದ್ದು ಆನೆಗಳಲ್ಲ. ಯಾವ ಪ್ರಾಣಿ ಎಂದು ಕಂಡುಹಿಡಿದು ಬನ್ನಿ."

ಹತ್ತಿರ ಹೋಗದಂತೆ ತಡೆ ಇದ್ದರೂ ಕಣ್ಣಿಟ್ಟು ನೋಡಿದರೆ ಆನೆಗಳ ಹಿಂದೆ ಕುದುರೆಯ ಹಿಂಗಾಲು, ಬಾಲಗಳ ಉಳಿಕೆ ಕಾಣುತ್ತದೆ. ಈಗಿರುವ ಆನೆಗಳನ್ನು ಆಮೇಲೆ ತಂದಿಟ್ಟದ್ದು. ಗುಂಪು ಸೇರಿದ ಮೇಲೆ ಉತ್ತರದಿಂದಲೇ ಶುರು ಮಾಡಿ, ಅಲ್ಲಿಂದ ಎರಡನೆಯ ಸಂಗತಿಗೆ ಹೋಗಿ. ಇದನ್ನು ಏಕಶಿಲೆ ಎಂದು ಎಲ್ಲೆಲ್ಲೂ ಹೇಳುತ್ತಾರೆ, ಆದರೆ ಇದು ಹಲವು ಕಲ್ಲುಗಳ ಜೋಡಣೆ. ಕೆತ್ತನೆಯ ಸಾಲುಗಳೊಳಗೆ ಬೆಸುಗೆಯ ಗೆರೆಗಳು ಎಷ್ಟು ಜಾಣತನದಿಂದ ಅಡಗಿವೆಯೆಂದು ತೋರಿಸಿ. ಒಂದೇ ಕಲ್ಲಲ್ಲ ಎಂದು ತಿಳಿದಾಗ ಜನರಿಗೆ ಶಿಲ್ಪಿಯ ಮೇಲಿನ ಗೌರವ ಹೆಚ್ಚಾಗುವುದನ್ನೇ ನಾನು ನೋಡಿದ್ದೇನೆ. ಮೂರನೆಯದಾಗಿ, ಇದು ರಥದ ರೂಪದಲ್ಲಿರುವ ಗರುಡನ ಗುಡಿ, ಮೂಲತಃ ಮೇಲೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಆ ಚಿತ್ರದ ದೊಡ್ಡ ಪ್ರತಿಯೊಂದನ್ನು ಲ್ಯಾಮಿನೇಟ್ ಮಾಡಿಸಿ ಚೀಲದಲ್ಲಿಟ್ಟುಕೊಳ್ಳಿ, ಕೈಯಿಂದ ಕೈಗೆ ದಾಟಿಸಿ. ಮೊಬೈಲಿನ ಪರದೆ ಆ ಬಿಸಿಲಿನಲ್ಲಿ ಕಾಣುವುದಿಲ್ಲ.

ಸ್ವರಕಂಬಗಳ ಬಳಿ ಯಾರೋ ಒಬ್ಬರು ತಟ್ಟಲು ಕೈ ಚಾಚಿಯೇ ಚಾಚುತ್ತಾರೆ. ತಟ್ಟುವುದು ನಿಷಿದ್ಧ ಎಂಬುದನ್ನು ಮೆಟ್ಟಿಲ ಕೆಳಗೇ ಹೇಳಿ, ಕಾರಣದ ಸಮೇತ: ದೊಡ್ಡ ಕಂಬದ ಸುತ್ತ ಇರುವ ತೆಳು ಕಂಬಗಳನ್ನು ಅದೇ ಕಲ್ಲಿನಿಂದ ಬಿಡಿಸಿ ಕೆತ್ತಿದ್ದಾರೆ, ತಟ್ಟಿ ತಟ್ಟಿ ಸವೆದರೆ ಬದಲಿಸಲು ಬೇರೆ ಇಲ್ಲ.

ತಡವಾದರೆ ಯಾವುದನ್ನು ಬಿಡಬೇಕು?

ಅದನ್ನು ಅಲ್ಲೇ ನಿಂತು ಯೋಚಿಸಬಾರದು, ಸ್ಕ್ರಿಪ್ಟಿನಲ್ಲೇ ಗುರುತು ಹಾಕಿರಬೇಕು. ನನ್ನ ಕ್ರಮದಲ್ಲಿ ಮೊದಲು ಹೋಗುವುದು ಬಜಾರಿನ ನಡುವಿನ ನಿಲುಗಡೆ, ಆಮೇಲೆ ತುಲಾಭಾರದ ಕಂಬಗಳು. ಅಲ್ಲಿ ನಡೆಯುತ್ತಲೇ ತಲೆಯೆತ್ತಿ ಅಡ್ಡತೊಲೆಯ ಅಡಿಯ ಮೂರು ಕಲ್ಲಿನ ಬಳೆಗಳನ್ನು ನೋಡಿ ಎಂದರೆ ಸಾಕು, ತಕ್ಕಡಿ ಕಟ್ಟುತ್ತಿದ್ದದ್ದು ಎಲ್ಲಿಗೆ ಎಂದು ತಿಳಿಯುತ್ತದೆ. ಅಚ್ಯುತಪೇಟೆಯ ತುದಿಯಿಂದ ಒಳಗಿನ ಗುಡಿಗೆ ಹೋಗಿಬರಲು ಅರ್ಧ ಗಂಟೆ ಬೇಕು, ಅದನ್ನು ಸ್ಕ್ರಿಪ್ಟಿನ ಹೊರಗೇ ಇಟ್ಟಿದ್ದೇನೆ. ಸುಗ್ರೀವನ ಗುಹೆಯನ್ನು ಬಿಡಬಾರದು. ಬಿಟ್ಟರೆ ಕೋದಂಡರಾಮದಲ್ಲಿ ಕೊಟ್ಟ ಹೊರೆಮಾತಿಗೆ ಉತ್ತರವೇ ಇಲ್ಲ, ಜನ ವಿಠಲದ ತನಕ "ಆ ಗಂಟಿನಲ್ಲಿ ಏನಿತ್ತು?" ಎಂದು ಕೇಳುತ್ತಲೇ ಇರುತ್ತಾರೆ. ಯಾವುದೇ ನಿಲುಗಡೆ ಕೈಬಿಡುವಾಗ ಅದರ ಹಿಂದಿನ ಹೊರೆಮಾತನ್ನು ಬದಲಿಸಿದ್ದೀರೋ ಎಂದು ನೋಡಿಕೊಳ್ಳಿ.

ಮಳೆಗಾಲದಲ್ಲಿ ನದಿ ತುಂಬಿದರೆ?

ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಪುರಂದರದಾಸರ ಮಂಟಪ ಮುಳುಗುತ್ತದೆ, ದಂಡೆಯ ದಾರಿಯೂ ಕೆಲವೆಡೆ ಸಿಗುವುದಿಲ್ಲ. ಹಿಂದಿನ ದಿನವೇ ಊರಿನವರಿಂದ ವಿಚಾರಿಸಿ. ಆಗ ಎದುರು ಬಸವಣ್ಣನ ಪಕ್ಕದ ಮೆಟ್ಟಿಲು ಹತ್ತಿ, ಬೆಟ್ಟದ ನಡುವಿನಿಂದ ಅಚ್ಯುತರಾಯನ ಗುಡಿಗೆ ಇಳಿದು, ಅಲ್ಲಿಂದ ಅಚ್ಯುತಪೇಟೆಯ ಬೀದಿಯಲ್ಲಿ ಉತ್ತರಕ್ಕೆ ಬರಬಹುದು. ಕೋದಂಡರಾಮ ತಪ್ಪುತ್ತದೆ, ಆದ್ದರಿಂದ ವಾಲಿಯ ಶಾಪದ ತುಂಡನ್ನು ಮೆಟ್ಟಿಲ ತುದಿಯಲ್ಲಿ, ಮತಂಗ ಬೆಟ್ಟದ ಮಗ್ಗುಲಲ್ಲೇ ಹೇಳಿ. ಈ ದಾರಿಯಲ್ಲಿ ಕಥೆಯ ಕ್ರಮವೂ ನೆಟ್ಟಗಾಗುತ್ತದೆ. ಮುಂದೆ ಎಲ್ಲಾದರೂ ದಾರಿಯ ಮೇಲೆ ನೀರಿದ್ದರೆ ಹಿಂದಿರುಗಿ, ವಾಹನದಲ್ಲಿ ವಿಠಲಕ್ಕೆ ಹೋಗಿ.

ಸ್ಕ್ರಿಪ್ಟನ್ನು ಬಾಯಿಪಾಠ ಮಾಡಬೇಕೇ?

ಪ್ರತಿ ನಿಲುಗಡೆಯ ಮೊದಲ ವಾಕ್ಯವನ್ನೂ ಹೊರೆಮಾತನ್ನೂ ಅಕ್ಷರಶಃ ಬಾಯಿಪಾಠ ಮಾಡಿ, ನಡುವಿನದನ್ನು ಮಾಡಬೇಡಿ. ನಡುವಿನ ಮಾತು ಎದುರಿಗಿರುವ ಮುಖಗಳನ್ನು ನೋಡಿ ಬರಬೇಕು. ಅಂಗೈಯಗಲದ ದಪ್ಪ ಚೀಟಿಗಳಲ್ಲಿ ನಿಲುಗಡೆಗೊಂದರಂತೆ ಬರೆದು ಮೂಲೆಗೆ ದಾರ ಪೋಣಿಸಿಟ್ಟುಕೊಂಡರೆ ಗಾಳಿಗೆ ಹಾರುವುದಿಲ್ಲ.

ಮೊದಲ ಗುಂಪಿಗೆ ಮುನ್ನ ಹಂಪಿ ನೋಡಿರದ ಇಬ್ಬರು ಪರಿಚಿತರನ್ನು ಇಡೀ ದಾರಿ ಕರೆದೊಯ್ಯಿರಿ. ಒಬ್ಬರು ನಿಮ್ಮ ಜೊತೆ ಇರಲಿ, ಇನ್ನೊಬ್ಬರು ಐವತ್ತು ಹೆಜ್ಜೆ ಹಿಂದೆ ಬರಲಿ. ಪ್ರತಿ ನಿಲುಗಡೆಯಿಂದ ಹೊರಟ ಐದು ನಿಮಿಷಕ್ಕೆ ಹಿಂದಿನವರನ್ನು ಕೇಳಿ: ಈಗ ನೀವು ಯಾವುದರ ಉತ್ತರಕ್ಕೆ ಕಾಯುತ್ತಿದ್ದೀರಿ? ಥಟ್ಟನೆ ಹೇಳಿದರೆ ಆ ಹೊರೆಮಾತು ಸರಿಯಾಗಿದೆ. ತಡವರಿಸಿದರೆ ಆ ಚೀಟಿಯ ಕೊನೆಯ ಸಾಲನ್ನು ಹೊಡೆದುಹಾಕಿ ಅಲ್ಲೇ ಬಂಡೆಯ ಮೇಲೆ ಕುಳಿತು ಮತ್ತೆ ಬರೆಯಿರಿ.